ನಾಯಿಯ ದೊಡ್ಡ ಗಾಯ, ಬೆಕ್ಕಿನ ಎರಡು ಚುಕ್ಕಿ: ಮಾತ್ರೆ ಯಾರಿಗೆ, ಟಿಟಿ ಯಾವಾಗ?

ಸಕಲೇಶಪುರದ ಆಚೆ, ತೋಟಗಳ ನಡುವೆ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಕಾಫಿ ಕುಯ್ಲಿನ ಸಮಯ. ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಅಕ್ಕ ತಮ್ಮ ಮೈದುನನನ್ನು ಕರೆದುಕೊಂಡು ಬಂದರು. ಅಕ್ಕನಿಗೆ 48 ವರ್ಷ, ಹುಡುಗನಿಗೆ 27. ಹಾಲು ತರಲು ಹೋದಾಗ ಬೀದಿನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಎರಡು ಇಂಚು ಉದ್ದದ ಸೀಳು. ಪ್ಯಾಂಟೆಲ್ಲ ರಕ್ತ.

ಅವನನ್ನು ನೋಡುತ್ತಿದ್ದಾಗ ಅಕ್ಕನ ಬಲಗೈ ಕಣ್ಣಿಗೆ ಬಿತ್ತು. ತೋರುಬೆರಳಿನ ಬುಡ ಕೆಂಪಾಗಿ ಊದಿತ್ತು. ಕೇಳಿದರೆ, "ಅಯ್ಯೋ ಅದು ಬಿಡಿ ಡಾಕ್ಟ್ರೇ, ನಿನ್ನೆ ಸಂಜೆ ಗೋಣಿಚೀಲದ ಸಂದಿಯಿಂದ ಬೆಕ್ಕನ್ನ ಎಳೆಯೋಕೆ ಹೋದೆ, ಕಚ್ತು. ಕಾಫಿಪುಡಿ ಹಾಕಿದೀನಿ. ಮೊದಲು ಇವನಿಗೆ ಮಾತ್ರೆ ಕೊಡಿ" ಎಂದರು.

ಕೊನೆಗೆ ಮಾತ್ರೆ ಕೊಟ್ಟಿದ್ದು ಅಕ್ಕನಿಗೆ. ಹುಡುಗನಿಗೆ ಅಲ್ಲ. ಯಾಕೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಕೆಲಸ ನಲ್ಲಿಯ ಕೆಳಗೆ

ಕಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಅಂದಾಜಿನ 15 ನಿಮಿಷ ಸಾಮಾನ್ಯವಾಗಿ ಎರಡು ನಿಮಿಷಕ್ಕೇ ಮುಗಿದಿರುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಕಾಫಿಪುಡಿ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅಕ್ಕನ ಬೆರಳಿನಿಂದ ಒಣಗಿ ಅಂಟಿದ್ದ ಕಾಫಿಪುಡಿ ತೆಗೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಅದರ ಕೆಳಗಿದ್ದದ್ದು ಸಾಸಿವೆ ಗಾತ್ರದ ಎರಡು ಚುಕ್ಕಿ, ಅಷ್ಟೇ.

ತೊಳೆದ ಮೇಲೆ ರೇಬೀಸ್ ಲಸಿಕೆ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದೊಳಗೆ ಸೀರಮ್ ಕೂಡ ಬೇಕು. ಕಚ್ಚಿದ್ದು ಬೆಕ್ಕಾದರೂ ಇದೇ ನಿಯಮ. ಇಬ್ಬರನ್ನೂ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮುಂದೆ ಹೇಳುವ ಮಾತ್ರೆಯಾಗಲಿ ಟಿಟಿಯಾಗಲಿ ರೇಬೀಸನ್ನು ತಡೆಯುವುದಿಲ್ಲ. ಮೂರೂ ಬೇರೆ ಬೇರೆ ಲೆಕ್ಕ.

ಆ್ಯಂಟಿಬಯೋಟಿಕ್ ಬೇಕೋ ಬೇಡವೋ

ನಾಯಿಯ ಹಲ್ಲು ದಪ್ಪ. ಸೀಳುತ್ತದೆ, ಜಜ್ಜುತ್ತದೆ. ಗಾಯ ಬಾಯಿ ತೆರೆದುಕೊಂಡಿರುತ್ತದೆ, ರಕ್ತ ಹರಿಯುತ್ತದೆ, ನೀರು ಒಳಗೆ ಹೋಗುತ್ತದೆ. ನೋಡಲು ಭಯಂಕರ, ಆದರೆ ತೊಳೆಯಲು ಸುಲಭ. ಬೆಕ್ಕಿನ ಹಲ್ಲು ಸೂಜಿ ಇದ್ದಂತೆ. ಎಂಜಲನ್ನು ಸೀದಾ ಆಳಕ್ಕೆ ಇಳಿಸಿ ಹೊರಗೆ ಬರುತ್ತದೆ, ಹಿಂದೆಯೇ ಚರ್ಮ ಮುಚ್ಚಿಕೊಳ್ಳುತ್ತದೆ. ಬೆರಳಿನಲ್ಲಂತೂ ಚರ್ಮದ ಕೆಳಗೇ ಕೀಲು, ಸ್ನಾಯುವಿನ ನಾರು ಇರುತ್ತವೆ. ಮೇಲೆ ಎಷ್ಟು ತೊಳೆದರೂ ಅಲ್ಲಿಗೆ ನೀರು ಮುಟ್ಟುವುದಿಲ್ಲ. ಅದಕ್ಕೇ ಬೆಕ್ಕು ಕಚ್ಚಿದ ಗಾಯ ನಾಯಿಯದಕ್ಕಿಂತ ಹೆಚ್ಚು ಸಲ ಕೀವಾಗುತ್ತದೆ.

ಬೆಕ್ಕಿನ ಬಾಯಲ್ಲಿ, ನಾಯಿಯ ಬಾಯಲ್ಲೂ, ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಇದು ಕಾಯುವ ಜಾತಿಯಲ್ಲ. ಸಾಮಾನ್ಯವಾಗಿ 24 ಗಂಟೆಯೊಳಗೇ ಊತ, ಕೆಂಪು, ಸಿಡಿಯುವ ನೋವು ಶುರುವಾಗುತ್ತದೆ. ಶನಿವಾರ ಸಂಜೆ ಆರಕ್ಕೆ ಕಚ್ಚಿಸಿಕೊಂಡ ಅಕ್ಕನಿಗೆ ಬೆಳಗಿನ ಜಾವ ಐದಕ್ಕೆ ನೋವಿನಿಂದ ಎಚ್ಚರವಾಗಿತ್ತು. ಹನ್ನೊಂದೇ ಗಂಟೆ.

ಹಾಗಾದರೆ ಕೀವಾಗುವ ಮೊದಲೇ, ಮುಂಜಾಗ್ರತೆಗೆ ಮಾತ್ರೆ ಯಾರಿಗೆ ಕೊಡುತ್ತೇವೆ? ಬೆಕ್ಕಿನ ಹಲ್ಲು ಆಳಕ್ಕೆ ಇಳಿದಿದ್ದರೆ ಕೊಡುತ್ತೇವೆ. ಕಚ್ಚಿದ್ದು ನಾಯಿಯಾದರೂ ಗಾಯ ಕೈ, ಪಾದ, ಮುಖ ಅಥವಾ ಕೀಲಿನ ಹತ್ತಿರ ಇದ್ದರೆ, ಮಾಂಸ ಜಜ್ಜಿ ಹೋಗಿದ್ದರೆ, ಹೊಲಿಗೆ ಹಾಕಲೇಬೇಕಾಗಿ ಬಂದರೆ ಕೊಡುತ್ತೇವೆ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಿಗೆ, ಗುಲ್ಮ ತೆಗೆಸಿಕೊಂಡವರಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ತೆಗೆದುಕೊಳ್ಳುವವರಿಗೆ ಕೊಡುತ್ತೇವೆ. ಗುಲ್ಮ ತೆಗೆಸಿದವರು ಮತ್ತು ಕುಡಿತದಿಂದ ಲಿವರ್ ಕೆಟ್ಟವರ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. ನಾಯಿಯ ಎಂಜಲಿನ ಇನ್ನೊಂದು ಬ್ಯಾಕ್ಟೀರಿಯಾ ಇವರಲ್ಲಿ ರಕ್ತಕ್ಕೇ ಸೇರಿ ಜೀವ ತೆಗೆಯಬಲ್ಲದು.

ಮೈದುನನ ಗಾಯ ಮೀನಖಂಡದಲ್ಲಿ, ಚರ್ಮದಷ್ಟೇ ಆಳ. ಚೆನ್ನಾಗಿ ತೊಳೆದಾಗಿದೆ, ಹೊಲಿಗೆ ಬೇಕಿಲ್ಲ, ಹುಡುಗ ಗಟ್ಟಿಮುಟ್ಟಾಗಿದ್ದಾನೆ. ಮಾತ್ರೆ ಬೇಡ. ಇದನ್ನು ಅವರಿಗೆ ಒಪ್ಪಿಸುವುದು ಗಾಯ ತೊಳೆಯುವುದಕ್ಕಿಂತ ಕಷ್ಟವಾಯಿತು. ಇನ್ನೊಂದು ಮಾತು: ಕಚ್ಚಿ ಎರಡು ದಿನ ಆದಮೇಲೆ ಬಂದು, ಗಾಯದಲ್ಲಿ ಊತ, ನೋವು, ಕೆಂಪು ಏನೂ ಇಲ್ಲದಿದ್ದರೆ ಆಗ ಸುಮ್ನೆ ಮುಂಜಾಗ್ರತೆಗೆ ಅಂತ ಮಾತ್ರೆ ಶುರುಮಾಡಿ ಪ್ರಯೋಜನವಿಲ್ಲ.

ಯಾವ ಮಾತ್ರೆ, ಎಷ್ಟು ದಿನ

ಮೊದಲ ಆಯ್ಕೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ ಸೇರಿದ ಮಾತ್ರೆ. ಮೆಡಿಕಲ್ ಶಾಪಿನಲ್ಲಿ "625" ಅಂದರೆ ಸಾಕು, ಗೊತ್ತಾಗುತ್ತದೆ. 500 ಮಿಲಿಗ್ರಾಂ ಮೊದಲನೆಯದು, 125 ಎರಡನೆಯದು. ದೊಡ್ಡವರಿಗೆ ಎಂಟು ಗಂಟೆಗೊಂದರಂತೆ, ಊಟದ ಶುರುವಿನಲ್ಲಿ. ಮುಂಜಾಗ್ರತೆಗಾದರೆ 3ರಿಂದ 5 ದಿನ. ಮಕ್ಕಳಿಗೆ ತೂಕ ನೋಡಿ ಸಿರಪ್, ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಬೇರೆ. ಹೊಟ್ಟೆ ಸ್ವಲ್ಪ ಕೆಡಬಹುದು.

ಜನ ಎಡವುವುದು ಇಲ್ಲೇ. ಮನೆಯಲ್ಲಿ ಉಳಿದ ಸೆಫಲೆಕ್ಸಿನ್, ಎರಿಥ್ರೋಮೈಸಿನ್ ನುಂಗಿ ಬಂದಿರುತ್ತಾರೆ. ಬೇರೆ ಗಾಯಕ್ಕೆ ಅವು ಒಳ್ಳೆಯ ಮದ್ದೇ ಇರಬಹುದು, ಪಾಶ್ಚುರೆಲ್ಲಾ ಮಾತ್ರ ಅವಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಮೂರು ದಿನದ ಅಜಿತ್ರೋಮೈಸಿನ್ ಕೂಡ ಇದಕ್ಕೆ ನಂಬುವ ಮದ್ದಲ್ಲ. ಪೆನ್ಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಒಟ್ಟಿಗೆ ಕೊಡುವ ದಾರಿ ಇದೆ, ಗರ್ಭಿಣಿಯರಿಗೆ ಬೇರೆ ಯೋಚಿಸಬೇಕು.

ಅಕ್ಕನದು ಮುಂಜಾಗ್ರತೆಯ ಹಂತ ದಾಟಿತ್ತು, ಸೋಂಕು ಆಗಲೇ ಹಿಡಿದಿತ್ತು. ಆಗ ನೋಡಬೇಕಾದ್ದು ಒಂದೇ: ಸ್ನಾಯುವಿನ ನಾರಿನ ಕೊಳವೆಯೊಳಗೆ ಕೀವು ಸೇರಿದೆಯಾ? ಸೇರಿದ್ದರೆ ಬೆರಳು ಬುಡದಿಂದ ತುದಿವರೆಗೆ ಒಂದೇ ಸಮ ಊದಿರುತ್ತದೆ, ಸ್ವಲ್ಪ ಮಡಚಿಕೊಂಡೇ ಇರುತ್ತದೆ. ಅಂಗೈ ಕಡೆಯಿಂದ ಬೆರಳುದ್ದಕ್ಕೂ ಒತ್ತಿದರೆ ನೋವು. ನಾವು ಮೆಲ್ಲಗೆ ನೆಟ್ಟಗೆ ಮಾಡಲು ಹೋದರೆ ಕೂಗಿಕೊಳ್ಳುತ್ತಾರೆ. ಹಾಗಿದ್ದರೆ ಮಾತ್ರೆ ನಂಬಿ ಕೂರಬಾರದು. ಅವತ್ತೇ ಹಾಸನದ ದೊಡ್ಡಾಸ್ಪತ್ರೆಗೆ ಹೋಗಬೇಕು, ಕೊಯ್ದು ತೊಳೆಯಬೇಕಾಗಬಹುದು.

ಅಕ್ಕ ಬೆರಳನ್ನು ಮಡಚಿದರು, ಬಿಡಿಸಿದರು. ಊತ ಬುಡದಲ್ಲೇ ಇತ್ತು. 625 ಶುರುಮಾಡಿ, ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದೆ. ಕೈ ಕೆಳಗೆ ಬಿಡದಂತೆ ಕೊರಳಿಗೆ ಬಟ್ಟೆ ಕಟ್ಟಿದೆ. ಸೋಮವಾರ ಬೆಳಿಗ್ಗೆ ಕೆಂಪು ಗೆರೆಯ ಮೇಲೇ ನಿಂತಿತ್ತು. ಮಂಗಳವಾರ ಒಂದು ಬೆರಳಷ್ಟು ಒಳಕ್ಕೆ ಸರಿದಿತ್ತು. ಒಟ್ಟು 7 ದಿನ ಮಾತ್ರೆ ಕೊಟ್ಟೆ. ಮಾತ್ರೆ ಶುರುವಾದ ಮೇಲೂ ಕೆಂಪು ಗೆರೆ ದಾಟಿ ಹರಡುತ್ತಿದ್ದರೆ, ಜ್ವರ ಬಂದರೆ, ತೋಳಿನ ಕಡೆಗೆ ಕೆಂಪು ಎಳೆ ಏರಿದರೆ ನಾಳೆ ನೋಡೋಣ ಅನ್ನಬೇಡಿ.

ಟಿಟಿಯ ಲೆಕ್ಕ

ಧನುರ್ವಾಯುವಿನ ಬೀಜಕಣ ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುತ್ತದೆ. ಅದರ ಗಡಿಯಾರ ನಿಧಾನ. ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನದೊಳಗೆ ರೋಗ ಕಾಣಿಸುತ್ತದೆ. ಆದ್ದರಿಂದ "24 ಗಂಟೆ ಆಗಿಹೋಯ್ತು, ಇನ್ನು ಟಿಟಿ ವೇಸ್ಟು" ಎಂಬ ಮಾತು ತಪ್ಪು. ಬೇಗ ಹಾಕಿಸಿದಷ್ಟೂ ಒಳ್ಳೆಯದು, ಆದರೆ ತಡವಾಯಿತು ಅಂತ ಬಿಡುವಂತಿಲ್ಲ. ಅಂದಹಾಗೆ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಟಿಡಿ. ಟಿಟಿಗೆ ಗಂಟಲುಮಾರಿಯ ಲಸಿಕೆ ಸ್ವಲ್ಪ ಸೇರಿಸಿದ್ದು. ಬಾಯಿಮಾತಿನಲ್ಲಿ ಎಲ್ಲರಿಗೂ ಅದಿನ್ನೂ ಟಿಟಿಯೇ.

ಕೇಳಬೇಕಾದ ಪ್ರಶ್ನೆ ಎರಡು. ಈ ಜನ್ಮದಲ್ಲಿ ಒಟ್ಟು ಮೂರು ಡೋಸ್ ಆಗಿದೆಯಾ? ಕೊನೆಯದು ಯಾವಾಗ? ಕಚ್ಚಿದ ಗಾಯಕ್ಕೆ ಎಂಜಲು ಸೇರಿರುವುದರಿಂದ ಅದು ಕೊಳಕು ಗಾಯ. ಮೂರು ಡೋಸ್ ಆಗಿದ್ದು, ಕೊನೆಯದಾಗಿ 5 ವರ್ಷ ದಾಟಿದ್ದರೆ ಒಂದು ಹಾಕಿಸಬೇಕು, ದಾಟಿಲ್ಲದಿದ್ದರೆ ಬೇಡ. 10 ವರ್ಷದ ಲೆಕ್ಕ ಚಿಕ್ಕಪುಟ್ಟ ಶುಚಿಯಾದ ಗಾಯಕ್ಕೆ.

ಹುಡುಗನಿಗೆ ಚಿಕ್ಕಂದಿನ ಲಸಿಕೆಗಳೆಲ್ಲ ಆಗಿವೆ. ಮೂರು ವರ್ಷದ ಹಿಂದೆ ಮರ ಕಪಾತು ಮಾಡುವಾಗ ಕತ್ತಿ ತಾಗಿ ಟಿಟಿ ಹಾಕಿಸಿಕೊಂಡಿದ್ದಾನೆ. ಅವನಿಗೆ ಬೇಡ. ಆರು ತಿಂಗಳಿಗೊಂದು ಟಿಟಿ ಎಂಬ ಹಳೆಯ ರೂಢಿ ಇನ್ನೂ ಹೋಗಿಲ್ಲ. ಪದೇ ಪದೇ ಹಾಕಿಸಿದರೆ ರಕ್ಷಣೆ ಹೆಚ್ಚುವುದಿಲ್ಲ, ತೋಳು ಬಾತು ನೋಯುವುದು ಹೆಚ್ಚುತ್ತದೆ.

ಅಕ್ಕ "ನಂಗೆ ಯಾವ ಟಿಟಿನೂ ಆಗಿಲ್ಲ" ಎಂದರು. ಹೆಂಗಸರು ಹೀಗೆ ಹೇಳಿದಾಗ ಹೆರಿಗೆಯ ಬಗ್ಗೆ ಕೇಳಬೇಕು. ಮೊದಲ ಬಸುರಿನಲ್ಲಿ ಎರಡು, ಎರಡನೆಯದರಲ್ಲಿ ಎರಡು ಹಾಕಿಸಿಕೊಂಡದ್ದು ನೆನಪಾಯಿತು. ಚಿಕ್ಕ ಮಗಳಿಗೆ ಈಗ 22 ವರ್ಷ. ಅಂದರೆ ನಾಲ್ಕು ಡೋಸ್ ಆಗಿದೆ, ಕೊನೆಯದು ತೀರಾ ಹಳೆಯದು. ಒಂದು ಟಿಡಿ ಸಾಕು. ಹಳೆಯ ಲಸಿಕೆಯನ್ನು ಮೈ ಮರೆತಿರುವುದಿಲ್ಲ. ಒಂದು ಡೋಸ್ ಬಿದ್ದರೆ ಕೆಲವೇ ದಿನದಲ್ಲಿ ರಕ್ಷಣೆ ಮೇಲೇರುತ್ತದೆ.

ಕಷ್ಟ ಇರುವುದು ತೋಟದ ಲೈನಿನಲ್ಲಿರುವ ಅರವತ್ತು ದಾಟಿದ ಗಂಡಸರದ್ದು. ಚಿಕ್ಕಂದಿನಲ್ಲಿ ಲಸಿಕೆ ಇಲ್ಲ, ಹೆರಿಗೆಯ ಪ್ರಶ್ನೆಯೇ ಇಲ್ಲ. ಇಂಥವರಿಗೆ ಮೊದಲ ಡೋಸ್ ಹಾಕಿದರೆ ಈ ಗಾಯಕ್ಕೆ ರಕ್ಷಣೆ ಸಿಗುವುದಿಲ್ಲ, ಮೈ ಈಗಷ್ಟೇ ಪಾಠ ಶುರುಮಾಡಿರುತ್ತದೆ. ಅದಕ್ಕೇ ಸಿದ್ಧ ಪ್ರತಿಕಾಯವನ್ನು, ಅಂದರೆ ಟೆಟನಸ್ ಇಮ್ಯುನೋಗ್ಲೋಬ್ಯುಲಿನ್ 250 ಯೂನಿಟ್ ಅನ್ನು ಅದೇ ದಿನ ಬೇರೆ ಸಿರಿಂಜಿನಲ್ಲಿ ಬೇರೆ ಜಾಗಕ್ಕೆ ಕೊಡುತ್ತೇವೆ. ರೇಬೀಸ್ ಸೀರಮ್ ಹಾಕಿಸಿಕೊಂಡೆ ಅಂದರೆ ಇದೂ ಆಯಿತು ಅಂತಲ್ಲ, ಅದು ಬೇರೆ, ಇದು ಬೇರೆ. 625 ನುಂಗುತ್ತಿದ್ದೇನೆ ಅಂತಲೂ ಬಿಡುವಂತಿಲ್ಲ.

ಎಷ್ಟು ಡೋಸ್ ಆಗಿದೆ ಅಂತ ನೆನಪೇ ಬಾರದಿದ್ದರೂ ಏನೂ ಆಗಿಲ್ಲ ಎಂದೇ ಹಿಡಿಯಬೇಕು. ಟಿಡಿಯ ಎರಡನೇ ಡೋಸ್ 4 ವಾರದ ಮೇಲೆ, ಮೂರನೆಯದು ಅದಾಗಿ 6ರಿಂದ 12 ತಿಂಗಳಿಗೆ. ಎರಡನೆಯದಕ್ಕೆ ಬರುತ್ತಾರೆ, ರೇಬೀಸ್ ಲಸಿಕೆಯ 28ನೇ ದಿನವೂ ಅಲ್ಲೇ ಬರುವುದರಿಂದ ಎರಡನ್ನೂ ಒಟ್ಟಿಗೆ ಮುಗಿಸಬಹುದು. ತಪ್ಪುವುದು ಮೂರನೆಯದು. ಕುಯ್ಲು ಮುಗಿದು ಅವರು ಊರಿಗೆ ಹೋಗಿರುತ್ತಾರೆ. ಅದಕ್ಕೆ ಚೀಟಿಯಲ್ಲಿ ತಾರೀಕಿನ ಬದಲು "ಮುಂದಿನ ಕುಯ್ಲಿಗೆ ಬಂದ ವಾರ" ಅಂತ ದೊಡ್ಡದಾಗಿ ಬರೆದುಕೊಡುತ್ತೇನೆ.