ಡೈಮಂಡ್‌ಗೆ ಬದಲಾದ ಮೇಲೆ ನಮಗೆ ಸಿಕ್ಕಿದ್ದು, ಕೈ ತಪ್ಪಿದ್ದು

ಮೂರು ಸೀಸನ್ ನಾನು ನಮ್ಮ ಹವ್ಯಾಸಿ ಫುಟ್‌ಬಾಲ್ ತಂಡವನ್ನು ಒಂದೇ ರೀತಿ ಆಡಿಸಿದೆ. ಫೋರ್-ಫೋರ್-ಟು, ಮಿಡ್‌ಫೀಲ್ಡ್‌ನ ನಾಲ್ವರೂ ಒಂದೇ ಗೆರೆಯಲ್ಲಿ, ಅಂದರೆ ಫ್ಲಾಟ್ ಫೋರ್. ಎರಡು ಬದಿಗೆ ಇಬ್ಬರು ವಿಂಗರ್, ನಡುವೆ ಇಬ್ಬರು. ಹೇಳಿಕೊಡಲು ಸುಲಭ, ಹುಡುಗರಿಗೂ ಬೇಗ ಅರ್ಥವಾಗುತ್ತದೆ. ಪ್ರತಿ ಫುಲ್ ಬ್ಯಾಕ್‌ನ ಮುಂದೆ ಒಬ್ಬ ವಿಂಗರ್ ಇರುತ್ತಾನೆ, ಹಾಗಾಗಿ ಎದುರಾಳಿ ಬದಿಯಿಂದ ಬಂದಾಗ ಯಾರು ಯಾರನ್ನು ಹಿಡಿಯಬೇಕು ಅನ್ನುವ ಗೊಂದಲವೇ ಇರುವುದಿಲ್ಲ.

ತೊಂದರೆ ಇದ್ದಿದ್ದು ನಡುವೆ. ಎದುರಾಳಿ ಮಧ್ಯದಲ್ಲಿ ಮೂವರನ್ನು ಇಟ್ಟ ದಿನ ನಮ್ಮ ಇಬ್ಬರು ಬರೀ ಓಡುತ್ತಿದ್ದರು. ಒಬ್ಬನನ್ನು ಹಿಡಿಯಲು ಹೋದರೆ ಇನ್ನೊಬ್ಬ ಖಾಲಿ. ಚೆಂಡು ನಮಗೆ ಸಿಕ್ಕರೂ ಮಧ್ಯದಲ್ಲಿ ಕೊಡಲು ಜನ ಇಲ್ಲ, ಹಾಗಾಗಿ ಸೆಂಟರ್ ಬ್ಯಾಕ್ ಸುಮ್ನೆ ಉದ್ದಕ್ಕೆ ಒದೆಯುತ್ತಿದ್ದ, ಇಬ್ಬರು ಸ್ಟ್ರೈಕರ್‌ಗಳು ದೂರದಲ್ಲಿ ಒಂಟಿಯಾಗಿ ಜಿಗಿಯುತ್ತಿದ್ದರು. 2015-16ರಲ್ಲಿ ಲೆಸ್ಟರ್ ಇದೇ ಆಕಾರದಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಅಲ್ಲಿ ನಡುವೆ ಇಬ್ಬರ ಜಾಗ ತುಂಬುವ ಕಾಂಟೆ ಇದ್ದ, ಜೊತೆಗೆ ಸ್ಟ್ರೈಕರ್ ಒಕಾಜಾಕಿ ಪದೇ ಪದೇ ಕೆಳಗೆ ಇಳಿದು ಮೂರನೆಯವನಾಗುತ್ತಿದ್ದ. ನಮ್ಮಲ್ಲಿ ಅಂಥವರು ಇರಲಿಲ್ಲ.

ಹಾಗಾಗಿ ನಾಲ್ಕನೇ ಸೀಸನ್‌ಗೆ ಡೈಮಂಡ್ ಹಿಡಿದೆ. ಬುಡದಲ್ಲಿ ಒಬ್ಬ, ಡಿಫೆನ್ಸ್‌ನ ಮುಂದೆ. ತುದಿಯಲ್ಲಿ ಒಬ್ಬ, ಸ್ಟ್ರೈಕರ್‌ಗಳ ಹಿಂದೆ. ಇವರ ನಡುವೆ ಎಡಕ್ಕೊಬ್ಬ, ಬಲಕ್ಕೊಬ್ಬ. ಈ ಪಕ್ಕದವರು ವಿಂಗರ್‌ಗಳಲ್ಲ, ಒಳಗೇ ನಿಲ್ಲುವವರು.

ಲಾಭ ಎರಡನೇ ಪಂದ್ಯದಲ್ಲೇ ಕಾಣಿಸಿತು. ಎದುರಾಳಿ ಫ್ಲಾಟ್ ಫೋರ್ ಆಡುತ್ತಿದ್ದರು, ಅವರ ನಡುವೆ ಇಬ್ಬರೇ, ನಮ್ಮವರು ನಾಲ್ವರು. ಸೆಂಟರ್ ಬ್ಯಾಕ್ ಚೆಂಡನ್ನು ಬುಡದವನಿಗೆ ಕೊಟ್ಟ. ಅವರ ಒಬ್ಬ ಮಿಡ್‌ಫೀಲ್ಡರ್ ಮೇಲೆ ಬಂದ. ನಮ್ಮವನು ಒಂದೇ ಟಚ್‌ನಲ್ಲಿ ಬಲ ಪಕ್ಕದವನಿಗೆ ಕೊಟ್ಟ, ಅವನು ತಿರುಗದೆ ಹಾಗೇ ತುದಿಯವನಿಗೆ ಸರಿಸಿದ. ತುದಿಯವನು ಚೆಂಡು ಹಿಡಿದಾಗ ಅವನ ಮುಖ ಗೋಲಿನ ಕಡೆ ಇತ್ತು, ಮುಂದೆ ಅವರ ನಾಲ್ಕು ಡಿಫೆಂಡರ್‌ಗಳು, ನಮ್ಮ ಇಬ್ಬರು ಸ್ಟ್ರೈಕರ್‌ಗಳು ಓಡಲು ಶುರು ಮಾಡಿದ್ದರು. ಆ ಮಿಡ್‌ಫೀಲ್ಡರ್ ಮೇಲೆ ಬಾರದೆ ತುದಿಯವನ ಹತ್ತಿರವೇ ನಿಂತಿದ್ದರೆ ಬುಡದವನು ಆರಾಮಾಗಿ ತಲೆ ಎತ್ತಿ ಪಾಸ್ ಹುಡುಕುತ್ತಿದ್ದ. ಯಾವ ಕಡೆ ಹೋದರೂ ಒಬ್ಬ ಖಾಲಿ. ಫ್ಲಾಟ್ ಫೋರ್‌ನಲ್ಲಿ ಮೂರು ವರ್ಷ ಹುಡುಕಿದರೂ ನಮಗೆ ಸಿಗದ ಜಾಗ ಅದು.

ಕಳೆದುಕೊಂಡಿದ್ದು ಬದಿಗಳನ್ನು. ಅದು ಗೊತ್ತಾಗಲು ಇನ್ನೂ ಮೂರು ಪಂದ್ಯ ಬೇಕಾಯಿತು.

ಆ ದಿನದ ತಂಡ ಬುದ್ಧಿವಂತ ತಂಡ. ಮಧ್ಯದಲ್ಲಿ ನಮ್ಮ ಜೊತೆ ಸೆಣಸಲೇ ಇಲ್ಲ. ಚೆಂಡನ್ನು ಅವರ ರೈಟ್ ಬ್ಯಾಕ್‌ಗೆ ಕೊಡುತ್ತಿದ್ದರು, ನಮ್ಮ ಎಡ ಪಕ್ಕದವನು ಅವನ ಕಡೆ ಹೊರಗೆ ಓಡುತ್ತಿದ್ದ, ಇಡೀ ಡೈಮಂಡ್ ಎಡಕ್ಕೆ ಜರುಗುತ್ತಿತ್ತು. ಆಗ ಒಂದು ಎತ್ತರದ ಪಾಸ್, ನೇರ ಆಚೆ ಬದಿಯ ಲೆಫ್ಟ್ ಬ್ಯಾಕ್‌ಗೆ. ಲೆಕ್ಕ ಹಾಕಿ ನೋಡಿ. ಮೈದಾನದ ಅಗಲ 68 ಮೀಟರ್. ನಮ್ಮ ಬಲ ಪಕ್ಕದವನು ಮೈದಾನದ ನಡುವಿಗೆ ಬಂದು ನಿಂತಿದ್ದಾನೆ, ಆಚೆ ಲೆಫ್ಟ್ ಬ್ಯಾಕ್ ಅವನಿಂದ 30 ಮೀಟರ್ ಹತ್ತಿರ ದೂರ. ಅಷ್ಟು ಓಡಲು ನಮ್ಮಂಥವರಿಗೆ ಐದು ಸೆಕೆಂಡ್ ಬೇಕು. ಚೆಂಡು ಗಾಳಿಯಲ್ಲಿ ಎರಡೋ ಮೂರೋ ಸೆಕೆಂಡ್‌ನಲ್ಲಿ ತಲುಪುತ್ತದೆ. ಉಳಿದ ಆ ಎರಡು ಸೆಕೆಂಡ್ ನಮ್ಮ ರೈಟ್ ಬ್ಯಾಕ್‌ನ ತಲೆ ಮೇಲೆ ಬಿತ್ತು. ಅವನ ಹಿಂದೆ ಅವರ ವಿಂಗರ್, ಮುಂದೆ ಚೆಂಡು ಹಿಡಿದು ಬರುತ್ತಿರುವ ಲೆಫ್ಟ್ ಬ್ಯಾಕ್. ಮುಂದೆ ಹೋದ. ವಿಂಗರ್ ಅವನ ಹಿಂದಿನಿಂದ ನುಗ್ಗಿದ, ಕ್ರಾಸ್, ಗೋಲ್. ಅರ್ಧ ಗಂಟೆ ಬಿಟ್ಟು ಅದೇ ರೀತಿ ಇನ್ನೊಂದು.

ಪಂದ್ಯದ ಮೇಲೆ ರೈಟ್ ಬ್ಯಾಕ್ ನನ್ನ ಹತ್ತಿರ ಬಂದು, "ಸರ್, ನಾನು ಯಾರನ್ನ ಹಿಡೀಬೇಕಿತ್ತು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಆ ಕ್ಷಣದಲ್ಲಿ ಸರಿಯಾದ ಉತ್ತರವೇ ಇರಲಿಲ್ಲ. ತಪ್ಪು ಆಗಿದ್ದು ಅದಕ್ಕೂ ಮೊದಲು, ಮೈದಾನದ ಆಚೆ ಬದಿಯಲ್ಲಿ.

ಮನೆಯಲ್ಲಿ ವಿಡಿಯೋ ಹಾಕಿ ಒಂದೇ ವಿಷಯ ನೋಡಿದೆ: ಎತ್ತರದ ಪಾಸ್ ಒದೆಯುವ ಮುಂಚೆ ಅವರ ರೈಟ್ ಬ್ಯಾಕ್‌ನ ಹತ್ತಿರ ಯಾರಿದ್ದರು? ಹೆಚ್ಚಿನ ಸಲ ಯಾರೂ ಇರಲಿಲ್ಲ. ನಮ್ಮ ಎಡ ಪಕ್ಕದವನು ಇನ್ನೂ ಓಡಿ ಬರುತ್ತಿದ್ದ, ಆ ಹುಡುಗ ಆರಾಮಾಗಿ ತಲೆ ಎತ್ತಿ ಆಚೆ ಬದಿ ನೋಡುತ್ತಿದ್ದ. ತಲೆ ಎತ್ತಲು ಬಿಟ್ಟರೆ ಡೈಮಂಡ್ ಮುಗಿಯಿತು.

ಮುಂದಿನ ನಾಲ್ಕು ವಾರ ಟ್ರೈನಿಂಗ್‌ನಲ್ಲಿ ಇದನ್ನೇ ಮಾಡಿದೆವು. ಎದುರಾಳಿ ಸೆಂಟರ್ ಬ್ಯಾಕ್ ಫುಲ್ ಬ್ಯಾಕ್‌ಗೆ ಪಾಸ್ ಒದ್ದ ತಕ್ಷಣ, ಚೆಂಡು ದಾರಿಯಲ್ಲಿರುವಾಗಲೇ ಪಕ್ಕದವನು ಹೊರಡಬೇಕು. ಫುಲ್ ಬ್ಯಾಕ್ ಚೆಂಡು ಹಿಡಿಯುವವರೆಗೆ ಕಾದರೆ ತಡವಾಯಿತು. ಹತ್ತಿರದ ಸ್ಟ್ರೈಕರ್ ಬಾಗಿ ಓಡಿ ಸೆಂಟರ್ ಬ್ಯಾಕ್‌ಗೆ ವಾಪಸ್ ಹೋಗುವ ದಾರಿ ಮುಚ್ಚಬೇಕು. ತುದಿಯವನು ಅವರ ಹತ್ತಿರದ ಮಿಡ್‌ಫೀಲ್ಡರ್‌ಗೆ ಅಂಟಿಕೊಳ್ಳಬೇಕು. ದೂರದ ಪಕ್ಕದವನಿಗೆ ಒಂದೇ ಮಾತು: ಎರಡು ಗೋಲ್‌ಗಳನ್ನು ಸೇರಿಸುವ ಗೆರೆ ಇದೆ ಅಂದುಕೋ, ಅದನ್ನು ದಾಟಿ ಬರಬೇಡ. ಅಲ್ಲಿ ನಿಂತರೆ ಎತ್ತರದ ಪಾಸ್ ಬಂದರೂ, ಒತ್ತಡದಲ್ಲಿ ಒದ್ದ ಪಾಸ್ ನಿಧಾನವಾಗಿ, ಎತ್ತರವಾಗಿ ಬರುವುದರಿಂದ ಅವನು ಬಹುಮಟ್ಟಿಗೆ ತಲುಪುತ್ತಾನೆ.

ಇದು ಪಕ್ಕದವರ ಕಾಲಿನ ಮೇಲೆ ಬೀಳುವ ಕೆಲಸ. 2003ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಆಂಚೆಲೊಟ್ಟಿಯ ಮಿಲಾನ್ ತಂಡವನ್ನು ನೆನೆದಾಗ ಎಲ್ಲರೂ ಬುಡದ ಪಿರ್ಲೊ, ತುದಿಯ ರುಯ್ ಕೋಸ್ಟಾ ಬಗ್ಗೆ ಮಾತಾಡುತ್ತಾರೆ. ನನಗೆ ಮೊದಲು ಕಾಣುವುದು ಬದಿಯ ಗಟ್ಟುಸೊ, ಸೀಡಾರ್ಫ್. ಅವರ ಓಟ ಇಲ್ಲದಿದ್ದರೆ ಪಿರ್ಲೊಗೆ ಪಾಸ್ ಆರಿಸುವ ಸಮಯ ಎಲ್ಲಿಂದ ಬರುತ್ತಿತ್ತು? ನಮ್ಮ ಮಟ್ಟದಲ್ಲಿ ಪಕ್ಕದವರು ಒಂದು ಗಂಟೆ ಆಟದ ಹೊತ್ತಿಗೆ ಸೋಲುತ್ತಾರೆ. ಕಂಡುಹಿಡಿಯುವುದು ಸುಲಭ: ಹೊರಗೆ ಓಡಿದವನು ವಾಪಸ್ ಒಳಗೆ ನಡೆದುಕೊಂಡು ಬರಲು ಶುರು ಮಾಡಿದರೆ ಅವನನ್ನು ಬದಲಿಸಿ. ಹಾಗಾಗಿ ಬೆಂಚ್‌ನಲ್ಲಿ ಅವರಿಗೆ ಇಬ್ಬರು ಬದಲಿಗಳನ್ನು ಮೊದಲೇ ಇಟ್ಟಿರುತ್ತೇನೆ.

ನಾವು ಮುಂದೆ ನುಗ್ಗುವಾಗಲೂ ಒಂದು ಎಚ್ಚರಿಕೆ ಬೇಕು. ವಿಂಗರ್ ಇಲ್ಲದ ಕಾರಣ ಮೈದಾನದ ಅಗಲ ಬಳಸುವವರು ಫುಲ್ ಬ್ಯಾಕ್‌ಗಳೇ. ಇಬ್ಬರೂ ಒಟ್ಟಿಗೆ ಹೋದರೆ ಹಿಂದೆ ಬುಡದವನು ಮತ್ತು ಇಬ್ಬರು ಸೆಂಟರ್ ಬ್ಯಾಕ್ ಮಾತ್ರ. ಒಬ್ಬ ಹೋದರೆ ಇನ್ನೊಬ್ಬ ನಿಲ್ಲಬೇಕು, ಇದರಲ್ಲಿ ನಾನು ಯಾವತ್ತೂ ರಾಜಿ ಮಾಡಿಕೊಳ್ಳುವುದಿಲ್ಲ.

ಫ್ಲಾಟ್ ಫೋರ್ ಅನ್ನು ಪೂರ್ತಿ ಬಿಟ್ಟಿಲ್ಲ. ಎದುರಾಳಿಯ ವಿಂಗರ್‌ಗಳು ತುಂಬಾ ವೇಗದವರಾದರೆ, ಅವರ ಫುಲ್ ಬ್ಯಾಕ್‌ಗಳ ಉದ್ದದ ಪಾಸ್ ಚೆನ್ನಾಗಿದ್ದರೆ, ನಾನು ಶುರುವಿನಿಂದಲೇ ಅದನ್ನು ಆಡಿಸುತ್ತೇನೆ, ನಡುವೆ ಕಮ್ಮಿ ಚೆಂಡು ಸಿಗುತ್ತದೆ ಅಂತ ಗೊತ್ತಿದ್ದೂ. ಒಂದು ಗೋಲಿನಿಂದ ಮುಂದಿದ್ದರೆ ಕೊನೆಯ ಹದಿನೈದು ನಿಮಿಷಕ್ಕೂ ಅದೇ. ಬದಲಾವಣೆ ಕಷ್ಟವಲ್ಲ. ಪಕ್ಕದವರು ಇಬ್ಬರೂ ಹೊರಗೆ ಸರಿದು ಬದಿ ಹಿಡಿಯುತ್ತಾರೆ, ತುದಿಯವನು ಕೆಳಗಿಳಿದು ಬುಡದವನ ಪಕ್ಕ ನಿಲ್ಲುತ್ತಾನೆ. ಆ ಹೊತ್ತಿಗೆ ತುದಿಯವನು ಸುಸ್ತಾಗಿರುತ್ತಾನೆ, ಅವನನ್ನು ತೆಗೆದು ಚೆಂಡು ಕಸಿಯುವ ಹುಡುಗನನ್ನು ಹಾಕುತ್ತೇನೆ. ಕೂಗುವ ಪದ ಒಂದೇ, "ಗೆರೆ!" ಅಂತ. ಮೊದಲ ಸಲ ಕೂಗಿದ ದಿನ ನಾಲ್ವರಲ್ಲಿ ಮೂವರು ಸರಿದರು, ಬಲ ಪಕ್ಕದವನು ಒಳಗೇ ಉಳಿದ. ರೈಟ್ ಬ್ಯಾಕ್ ನನಗಿಂತ ಮೊದಲು ನೋಡಿ, ಅವನ ಹೆಸರು ಹಿಡಿದು ಕೂಗಿ ಹೊರಗೆ ಕಳಿಸಿದ.