ಹೀಟರ್ ಸರಿ ಇದೆ, ನೀರು ಮಾತ್ರ ತಣ್ಣಗೆ

ಪುಣೆಯ ವಾಘೋಲಿ ಕಡೆ ಸೋಲಾರ್ ಹೀಟರ್ ಮಾರುವುದು, ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಚಳಿ ಶುರುವಾದರೆ ನೀರು ಕಾಯುತ್ತಿಲ್ಲ ಅನ್ನುವ ಫೋನ್ ಜಾಸ್ತಿ. ಟ್ಯಾಂಕರ್ ನೀರು ಗಡುಸು, ಬಿಸಿಲಿಗೆ ನೀರು ಕಾಯಿಸುವ ಗಾಜಿನ ಟ್ಯೂಬಿನಲ್ಲಿ ಉಪ್ಪು ಕಟ್ಟಿರಬೇಕು ಅಂತ ಮನೆಯವರೇ ತೀರ್ಮಾನಿಸಿರುತ್ತಾರೆ. ಎಷ್ಟೋ ಸಲ ಕಾರಣವೇ ಬೇರೆ.

ವಿಜಯಪುರದ ಕಡೆಯ ಒಬ್ಬರು ಅಕ್ಕ ಕರೆದಿದ್ದರು. ಅವರದು 200 ಲೀಟರಿನ, 20 ಟ್ಯೂಬಿನ ಹೀಟರ್. "ಟ್ಯೂಬ್ ಎಲ್ಲಾ ಬದಲಿ ಮಾಡಬೇಕಂತ ಒಬ್ಬರು ಹೇಳಿ ಹೋಗ್ಯಾರ, ನೀವೊಮ್ಮೆ ನೋಡ್ರಿ ತಮ್ಮಾ" ಅಂದರು.

ಟೆರೇಸಿಗೆ ಹೋಗಿ ಮೊದಲು ಟ್ಯೂಬಿನ ತುದಿ ನೋಡಿದೆ. ಕೆಳತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಇದ್ದರೆ ಒಳಗಿನ ನಿರ್ವಾತ ಗಟ್ಟಿಯಾಗಿದೆ ಅಂತ ಅರ್ಥ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಟ್ಯೂಬ್ ಹೋಯಿತು. ಇಲ್ಲಿ ಇಪ್ಪತ್ತೂ ಫಳಫಳ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಪಕ್ಕದ ಪ್ರೆಶರ್ ಪಂಪಿನ ಸದ್ದು ಕೇಳಿತು. ಕೆಳಗೆ ಯಾರೂ ನೀರು ಬಿಟ್ಟಿರಲಿಲ್ಲ. ಮತ್ತೆ ಪಂಪ್ ಯಾಕೆ ಓಡಬೇಕು? ಮೇಲಿನ ತಣ್ಣೀರಿನ ಟ್ಯಾಂಕಿಗೆ ಕೈ ಹಾಕಿದೆ. ನೀರು ಉಗುರುಬೆಚ್ಚಗಿತ್ತು. ನನಗೆ ಅಲ್ಲೇ ಅನುಮಾನ ಬಂತು.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ಬಿಡಬೇಕು. ಪೈಪಿನಲ್ಲಿ ಉಳಿದದ್ದು ಖಾಲಿಯಾದ ಮೇಲೆ ನೀರು ನಿಲ್ಲಬೇಕು. ಇಲ್ಲಿ ನಿಲ್ಲಲೇ ಇಲ್ಲ, ತಣ್ಣಗೆ ಜೋರಾಗಿ ಸುರಿಯಿತು. ಅಂದರೆ ಎಲ್ಲೋ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತಿದೆ. ಬಾತ್‌ರೂಮುಗಳ ಆಂಗಲ್ ವಾಲ್ವ್ ಒಂದೊಂದಾಗಿ ಮುಚ್ಚುತ್ತಾ ಬಂದೆ. ಮನೆಯ ಹಿಂಭಾಗದ ಬಾತ್‌ರೂಮಿನದು ಮುಚ್ಚಿದಾಗ ನೀರು ನಿಂತಿತು.

ಅಲ್ಲಿ ಅಜ್ಜಿಗೆ ಬೆಚ್ಚಗಿನ ನೀರು ಸಿಗಲಿ ಅಂತ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗೆ ಟಾಯ್ಲೆಟ್ ಜೆಟ್ ಜೋಡಿಸಿದ್ದರು. ಎರಡೂ ತಿರುಗಣೆ ಸದಾ ತೆರೆದೇ ಇರುತ್ತಿದ್ದವು, ನೀರು ನಿಲ್ಲಿಸುತ್ತಿದ್ದುದು ಜೆಟ್ಟಿನ ಗುಂಡಿಯಿಂದ ಮಾತ್ರ. ತಣ್ಣೀರಿಗೆ ಪಂಪಿನ ಒತ್ತಡ ಇತ್ತು. ಬಿಸಿನೀರು ಮಾತ್ರ ಟೆರೇಸಿನ ಎತ್ತರದಿಂದ ತಾನಾಗಿ ಇಳಿಯುತ್ತಿತ್ತು. ಹಾಗಾಗಿ ತಣ್ಣೀರು ಮಿಕ್ಸರ್ ದಾಟಿ, ಬಿಸಿ ಪೈಪ್ ಹತ್ತಿ ಸೋಲಾರ್ ಟ್ಯಾಂಕಿಗೆ ಸೇರುತ್ತಿತ್ತು. ಅಲ್ಲಿನ ಬಿಸಿನೀರು ಒಳಬರುವ ಪೈಪಿನಿಂದಲೇ ಹಿಂದಕ್ಕೆ, ಮೇಲಿನ ಟ್ಯಾಂಕಿಗೆ ಹೋಗುತ್ತಿತ್ತು. ದಿನವಿಡೀ ಕಾದ ನೀರು ರಾತ್ರಿಯೆಲ್ಲಾ ಹೀಗೆ ಸುತ್ತಿ ತಣ್ಣಗಾಗುತ್ತಿತ್ತು.

ಮಿಕ್ಸರಿನ ಬಿಸಿ ಬಾಯಿಗೆ, ನೀರನ್ನು ಒಂದೇ ಕಡೆಗೆ ಬಿಡುವ ಎನ್‌ಆರ್‌ವಿ ವಾಲ್ವ್ ಹಾಕಿದೆ. ಸ್ಪ್ರಿಂಗ್ ಇರುವುದು ಇಲ್ಲಿ ನಡೆಯುವುದಿಲ್ಲ. ಸುಮ್ನೆ ಇಳಿದು ಬರುವ ನೀರಿಗೆ ಆ ಸ್ಪ್ರಿಂಗ್ ತೆರೆಯುವಷ್ಟು ಬಲ ಇರುವುದಿಲ್ಲ, ಬಾಗಿಲಿನಂತೆ ತೂಗುವ ನಮೂನೆಯದೇ ಬೇಕು. ಪಂಪನ್ನೇ ಸೋಲಾರಿಗೂ ಜೋಡಿಸಿ ಅಂತ ಅಕ್ಕನ ಮಗ ಕೇಳಿದ. ಸಾದಾ ಟ್ಯಾಂಕ್ ಆ ಒತ್ತಡ ತಾಳುವುದಿಲ್ಲ, ಒಡೆದು ಸೋರುತ್ತದೆ, ಹಾಗಾಗಿ ಒಪ್ಪಲಿಲ್ಲ. ಜೆಟ್ಟಿಗೆ ಬೇರೆ ತಣ್ಣೀರಿನ ಪೈಪ್ ಕೊಟ್ಟೆ. ಅಜ್ಜಿಗೆ ಬಿಸಿನೀರಿನ ನಲ್ಲಿ ಪಕ್ಕದಲ್ಲೇ ಇದೆ, ಅದು ಸಾಕು ಅಂತ ಅಕ್ಕ ಅಂದರು.

ಟ್ಯೂಬ್ ಮಾರಿದ್ದರೆ ನನಗೆ ಹೆಚ್ಚು ಹಣ ಸಿಗುತ್ತಿತ್ತು. ಆದರೆ ಮರುದಿನವೂ ತಣ್ಣೀರೇ ಬರುತ್ತಿತ್ತಲ್ವಾ? ನಾನು ತೆಗೆದುಕೊಂಡದ್ದು ವಿಸಿಟ್ ಚಾರ್ಜು, ವಾಲ್ವು ಮತ್ತು ಪೈಪಿನ ದುಡ್ಡು. ಹೊಸ ಹೀಟರ್ ಕೇಳಿ ಬಂದವರ ಹತ್ತಿರ ಈಗ ಲೀಟರಿಗಿಂತ ಮೊದಲು, ಮನೆಯಲ್ಲಿ ಪ್ರೆಶರ್ ಪಂಪ್ ಇದೆಯಾ, ಮುಂದೆ ಹಾಕಿಸುವಿರಾ ಅಂತ ಕೇಳುತ್ತೇನೆ. ಹೌದು ಅಂದರೆ ಒತ್ತಡ ತಾಳುವ ಟ್ಯಾಂಕಿನದೇ ಕೊಟೇಶನ್ ಕೊಡುತ್ತೇನೆ.