ಅಕ್ಕಿಯಲ್ಲಿ ಮೊದಲ ಓಂ: ಅಕ್ಷರಾಭ್ಯಾಸ ಮಾಡಿಸುವುದು ಹೀಗೆ

ಪೂಜೆಯೆಲ್ಲ ಚೆನ್ನಾಗಿ ನಡೆದು, ಕೊನೆಗೆ ಅಕ್ಕಿಯಲ್ಲಿ ಅಕ್ಷರವೇ ಮೂಡದೆ ಹೋಗುವುದುಂಟು. ನಮ್ಮಕ್ಕನ ಮೊಮ್ಮಗನ ಅಕ್ಷರಾಭ್ಯಾಸದಲ್ಲಿ ಹಾಗೇ ಆಯಿತು. ಸ್ಟೀಲ್ ತಟ್ಟೆಯ ತುಂಬ ಅಕ್ಕಿ ಸುರಿದಿದ್ದೆವು. ಬೆರಳು ಮುಂದೆ ಸರಿದಂತೆ ಹಿಂದಿನಿಂದ ಅಕ್ಕಿ ಜರಿದು ಗೆರೆ ಮುಚ್ಚಿಕೊಳ್ಳುತ್ತಿತ್ತು. ಮಗು ತಟ್ಟೆ ನೋಡಿತು, ನಮ್ಮ ಮುಖ ನೋಡಿತು, ಎರಡೂ ಕೈಯಲ್ಲಿ ಅಕ್ಕಿ ಬಾಚಿ ಆಟಕ್ಕೆ ಇಳಿಯಿತು. ಅವನ ತಂಗಿಯ ಸರದಿ ಬಂದಾಗ ಇದನ್ನೆಲ್ಲ ತಿದ್ದಿಕೊಂಡೆವು.

ಮೊದಲು ತಟ್ಟೆ. ಬಿಳಿ ಅಕ್ಕಿಯ ಕೆಳಗೆ ಸ್ಟೀಲ್ ಹೊಳೆದರೆ ಗೆರೆ ಕಾಣುವುದಿಲ್ಲ. ಹಿತ್ತಾಳೆ ಅಥವಾ ತಾಮ್ರದ ಹರಿವಾಣವಾದರೆ ತಳದ ಬಣ್ಣ ಎದ್ದು ಕಾಣುತ್ತದೆ. ಸುಮಾರು 30 ಸೆಂಟಿಮೀಟರ್ ಅಗಲದ ಹರಿವಾಣಕ್ಕೆ 300ರಿಂದ 350 ಗ್ರಾಂ ಅಕ್ಕಿ ಸಾಕು. ಅಲ್ಲಾಡಿಸಿ ಸಮ ಮಾಡಿದರೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ ಬರುತ್ತದೆ. ಹಿಂದಿನ ರಾತ್ರಿಯೇ ನಿಮ್ಮ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ತಳ ಕಂಡು, ಅಂಚು ನಿಂತರೆ ಸರಿಯಾಗಿದೆ. ಮುಚ್ಚಿಕೊಂಡರೆ ಒಂದು ಹಿಡಿ ತೆಗೆಯಿರಿ. ಸೋನಾ ಮಸೂರಿಯಂಥ ಸಣ್ಣ ಕಾಳಿನ ಅಕ್ಕಿ ಒಳ್ಳೆಯದು, ಉದ್ದ ಕಾಳಾದರೆ ತಿರುವುಗಳು ಒಡೆದಂತೆ ಕಾಣುತ್ತವೆ. ಅರಿಶಿನ ಕಲಸಿದ ಹಸಿ ಅಕ್ಷತೆಯನ್ನು ಇದಕ್ಕೆ ಹಾಕಬೇಡಿ, ಬೆರಳಿಗೆ ಅಂಟುತ್ತದೆ. ಅಕ್ಷತೆ ಆಶೀರ್ವಾದಕ್ಕೆ ಬೇರೆ ಬಟ್ಟಲಲ್ಲಿರಲಿ.

ಇನ್ನು ಹೊತ್ತು. ವಿಜಯದಶಮಿಗೆ ಬೇರೆ ಮುಹೂರ್ತ ನೋಡಬೇಕಿಲ್ಲ ಎನ್ನುವುದು ರೂಢಿ. ಮಾಘ ಶುದ್ಧ ಪಂಚಮಿ, ಅಂದರೆ ವಸಂತ ಪಂಚಮಿಯೂ ಇದಕ್ಕೆ ಪ್ರಶಸ್ತ. ವಿಜಯ ಮುಹೂರ್ತ ಬರುವುದು ಮಧ್ಯಾಹ್ನದ ಮೇಲೆ, ಮೂರು ವರ್ಷದ ಮಗುವಿಗೆ ಅದು ನಿದ್ದೆಯ ಸಮಯ. ಪುರೋಹಿತರ ಹತ್ತಿರ ಮೊದಲೇ ಮಾತಾಡಿ ಬೆಳಗ್ಗೆಯೇ ಇಟ್ಟುಕೊಳ್ಳುವುದು ಮೇಲು. ಕೊಲ್ಲೂರಿನ ಸರಸ್ವತಿ ಮಂಟಪದಲ್ಲಿ ಮಾಡಿಸುವವರು ಅಂದಿನ ಜನಸಂದಣಿಯನ್ನೂ ಲೆಕ್ಕ ಹಾಕಿಕೊಳ್ಳಬೇಕು. ಸಾಲಿನಲ್ಲಿ ನಿಂತು ಸುಸ್ತಾದ ಮಗು ಬರೆಯುವುದಿಲ್ಲ.

ನಮ್ಮ ಪುಟ್ಟಿಗೆ ಹೀಗೆ ಹೊಂದಿಸಿದೆವು. ಏಳಕ್ಕೆ ಎದ್ದಳು, ಸ್ನಾನವಾಯಿತು, 8.15ಕ್ಕೆ ಹೊಟ್ಟೆ ತುಂಬ ತಿಂಡಿ. 8.45ಕ್ಕೆ ಹಿರಿಯರು ಸಂಕಲ್ಪ, ಗಣಪತಿ ಪೂಜೆ, ಸರಸ್ವತಿ ಪೂಜೆ ಶುರುಮಾಡಿದರು, ಅವಳು ಅಲ್ಲೇ ಆಡಿಕೊಂಡಿದ್ದಳು. 9.20ಕ್ಕೆ ಹರಿವಾಣದ ಮುಂದೆ ಕರೆದೆವು. ಬರವಣಿಗೆ ಐದೇ ನಿಮಿಷ. ಇಡೀ ಪೂಜೆಗೆ ಮಗುವನ್ನು ಕೂರಿಸಿಕೊಂಡರೆ ಆ ಐದು ನಿಮಿಷಕ್ಕೆ ತಾಳ್ಮೆಯೇ ಉಳಿಯುವುದಿಲ್ಲ.

ಬರೆಸುವವರು ಪೂರ್ವಕ್ಕೆ ಮುಖ ಮಾಡಿ, ಮಗುವನ್ನು ಅದೇ ದಿಕ್ಕಿಗೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎದುರಿಗೆ ಕೂತರೆ ಅಕ್ಷರ ಒಬ್ಬರಿಗೆ ತಲೆಕೆಳಗು. ಮಗುವಿನ ಮುಷ್ಟಿ ಹಿಡಿಯಬೇಡಿ. ನಿಮ್ಮ ಅಂಗೈ ಅದರ ಕೈಯ ಮೇಲಿರಲಿ, ತೋರುಬೆರಳನ್ನು ಮಾತ್ರ ನೀಡಿಸಿ, ಬೆರಳ ತುದಿ ತಟ್ಟೆಯ ತಳ ಮುಟ್ಟಲಿ. ಕೆಲವು ಮನೆಗಳಲ್ಲಿ ಅರಿಶಿನದ ಕೊಂಬಿನಿಂದ ಬರೆಸುತ್ತಾರೆ. ಆಗ ನೇರವಾದ, ಮೊನೆ ಮೊಂಡಾದ ಕೊಂಬು ಆರಿಸಿ. ಉಂಗುರದಿಂದ ಬರೆಸುವುದಾದರೆ ಅದು ನಿಮ್ಮ ಕೈಯಲ್ಲೇ ಇರಲಿ, ಮಗು ಬಾಯಿಗೆ ಹಾಕಿಕೊಂಡೀತು. ಅಕ್ಕಿ ಕಾಳು ಮೂಗಿಗೆ ಹೋಗದಂತೆಯೂ ಒಬ್ಬರು ಕಣ್ಣಿಡಬೇಕು.

ಮೊದಲು ಓಂ, ಆಮೇಲೆ ಶ್ರೀ, ಆಮೇಲೆ ಅ, ಆ. ಪ್ರತಿ ಅಕ್ಷರ ಹರಿವಾಣದ ಅರ್ಧದಷ್ಟಾದರೂ ದೊಡ್ಡದಿರಲಿ, ಚಿಕ್ಕದಾದರೆ ಕಾಳುಗಳ ನಡುವೆ ಕಳೆದುಹೋಗುತ್ತದೆ. ಬರೆಯುತ್ತಲೇ ಅಕ್ಷರದ ಹೆಸರನ್ನು ಎಳೆದು ಹೇಳಿ, ಗೆರೆ ಮುಗಿಯುವಾಗ ದನಿಯೂ ಮುಗಿಯಲಿ. ಒಂದೊಂದಕ್ಕೂ ಅಕ್ಕಿ ಸಮ ಮಾಡಿಕೊಳ್ಳಿ. ಒತ್ತಿರುವ ಶ್ರೀ ಕಷ್ಟದ್ದು, ಅದನ್ನು ಪೂರ್ತಿ ನೀವೇ ನಡೆಸಿ, ಒಮ್ಮೆ ಸಾಕು. ಕೈ ಬಿಗಿಯಾಯಿತೋ, ಮಗು ಹಿಂದಕ್ಕೆ ಒರಗಿತೋ, ಅಲ್ಲಿಗೇ ನಿಲ್ಲಿಸಿ. ಓಂ ಆಗಿದ್ದರೆ ಶಾಸ್ತ್ರ ಆದಂತೆಯೇ.

ನನ್ನದೊಂದು ವಿಶೇಷ ಸಲಹೆ. ಓಂನ ಓ ಬರೆಸಿದ ಮೇಲೆ ಸೊನ್ನೆಯನ್ನು ಮಗುವಿಗೇ ಬಿಡಿ. ಮೂರು ವರ್ಷದ ಹೊತ್ತಿಗೆ ಅನೇಕ ಮಕ್ಕಳು ವೃತ್ತವನ್ನು ನೋಡಿ ಬರೆಯಬಲ್ಲರು. ಅ ಬರೆಯುವಷ್ಟು ಬೆರಳ ಹಿಡಿತ ಇನ್ನೂ ಬಂದಿರುವುದಿಲ್ಲ. ಓ ಮುಗಿಯುತ್ತಲೇ ಪುಟ್ಟಿಯ ಕೈಯಿಂದ ನನ್ನ ಕೈ ಎತ್ತಿದೆ. ಅವಳು ಒಂದು ಕ್ಷಣ ತಡೆದು, ನಾಲಿಗೆ ಹೊರಗೆ ಹಾಕಿ, ಸುತ್ತಿಯೇಬಿಟ್ಟಳು. ಕೊನೆ ಕೂಡಲಿಲ್ಲ, ಮೊಟ್ಟೆಯ ಹಾಗಿತ್ತು, ಆದರೆ ತಳದ ಹಿತ್ತಾಳೆ ಹೊಳೆಯುತ್ತಿತ್ತು. ಅದನ್ನು ನಾನು ತಿದ್ದಲಿಲ್ಲ.

ಆಮೇಲೆ ಹೊಸ ಸ್ಲೇಟು, ಬಳಪ ಕೈಗೆ ಕೊಟ್ಟು ಅಕ್ಷತೆ ಹಾಕಿ. ಚೆಲ್ಲಿದ ಕಾಳನ್ನು ಯಾರೂ ತುಳಿಯುವ ಮೊದಲು ಆಯ್ದುಕೊಳ್ಳಿ. ಹರಿವಾಣದ ಅಕ್ಕಿಯನ್ನು ಅಂದೇ ತೊಳೆದು ಪಾಯಸಕ್ಕೆ ಹಾಕಬಹುದು.